ಕೋರ್ ಪೆಟ್ಟಿಗೆಯಿಂದ ಅಡಿಪಾಯದ ಆಳದವರೆಗೆ: ಸೀಳುಬಂಡೆಯಲ್ಲಿ ಆರ್‌ಕ್ಯೂಡಿ ಮತ್ತು ಆರ್‌ಎಂಆರ್ ಬಳಸುವ ಕ್ರಮ

ಮಂಡ್ಯ ಜಿಲ್ಲೆಯ ಬಹುಭಾಗದಲ್ಲಿ ಮಣ್ಣಿನ ಕೆಳಗೆ ಇರುವುದು ನೈಸ್ ಶಿಲೆ. ಮೈಸೂರಿನ ಚಾಮುಂಡಿ ಬೆಟ್ಟ ಗ್ರಾನೈಟಿನದು. ಇವೆರಡನ್ನೂ ಅಲ್ಲಲ್ಲಿ ಡೊಲೆರೈಟ್ ಡೈಕ್‌ಗಳು, ಅಂದರೆ ಕ್ವಾರಿಯವರು ಕರಿಕಲ್ಲು ಎನ್ನುವ ಗೋಡೆಯಂಥ ಪಟ್ಟಿಗಳು, ಸೀಳಿಕೊಂಡು ಹೋಗಿವೆ. ಈ ಮೂರೂ ಗಟ್ಟಿ ಕಲ್ಲುಗಳೇ ಆದ್ದರಿಂದ, ಕಲ್ಲು ಸಿಕ್ಕ ಆಳದಲ್ಲಿಯೇ ಅಡಿಪಾಯ ಕೂರಿಸಿದರೆ ಸಾಕು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಆದರೆ ಇಲ್ಲಿ ತೊಂದರೆ ಬರುವುದು ಕಲ್ಲಿನಿಂದಲ್ಲ, ಕಲ್ಲಿನ ನಡುವಿನ ಸೀಳುಗಳಿಂದ ಮತ್ತು ಆ ಸೀಳುಗಳಲ್ಲಿ ತುಂಬಿಕೊಂಡ ಜೇಡಿಯಿಂದ. ಸೀಳುಗಳಿರುವ ಶಿಲಾರಾಶಿಯನ್ನು ಅಳೆಯಲು ಬಳಕೆಯಲ್ಲಿರುವ ಎರಡು ಅಳತೆಗಳನ್ನು, ಆರ್‌ಕ್ಯೂಡಿ ಅಂದರೆ ರಾಕ್ ಕ್ವಾಲಿಟಿ ಡೆಸಿಗ್ನೇಶನ್ ಮತ್ತು ಆರ್‌ಎಂಆರ್ ಅಂದರೆ ರಾಕ್ ಮಾಸ್ ರೇಟಿಂಗ್ ಎಂಬವನ್ನು, ಒಂದು ಸೇತುವೆ ಕಂಬದ ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ. ಉದಾಹರಣೆಯ ಅಂಕಿಗಳು ಲೆಕ್ಕ ತೋರಿಸಲೆಂದು ಆರಿಸಿಕೊಂಡವು. ಆದರೆ ಪಾಂಡವಪುರ, ಶ್ರೀರಂಗಪಟ್ಟಣಗಳ ಸುತ್ತಿನ ನೈಸ್‌ನಲ್ಲಿ ಇಂಥ ಕೋರ್, ಅಂದರೆ ಕೊರೆದು ತೆಗೆದ ಕಲ್ಲಿನ ಉರುಳೆ, ಹೊರಬಂದರೆ ಅಚ್ಚರಿಪಡಬೇಕಾಗಿಲ್ಲ.

ಮೊದಲ ಹಂತ: ಕೊರೆಯುವ ವಿಧಾನವನ್ನು ಸರಿಯಾಗಿ ಗೊತ್ತುಮಾಡುವುದು

ಕೊಳವೆಬಾವಿ ಕೊರೆಯುವ ಯಂತ್ರ ಕಲ್ಲನ್ನು ಪುಡಿಮಾಡಿ ಹೊರಗೆ ಊದುತ್ತದೆ. ಆ ಪುಡಿಯಿಂದ ಶಿಲೆಯ ಜಾತಿ ತಿಳಿಯಬಹುದೇ ಹೊರತು ಸೀಳುಗಳ ವಿಷಯ ತಿಳಿಯುವುದಿಲ್ಲ. ಹಾಗಿದ್ದರೂ ಅಕ್ಕಪಕ್ಕದ ಕೊಳವೆಬಾವಿಗಳಿಗೆ ಎಷ್ಟು ಅಡಿ ಕೇಸಿಂಗ್ ಇಳಿಸಿದ್ದಾರೆ ಎಂದು ವಿಚಾರಿಸುವುದು ಒಳ್ಳೆಯದು, ಏಕೆಂದರೆ ಕೇಸಿಂಗ್ ನಿಂತ ಆಳವು ಶಿಥಿಲಗೊಂಡ ಕಲ್ಲು ಸುಮಾರಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಖರ್ಚಿಲ್ಲದೆ ತಿಳಿಸಿಬಿಡುತ್ತದೆ.

ಆರ್‌ಕ್ಯೂಡಿ ಅಳೆಯಲು ವಜ್ರದ ಬಿಟ್ ಇರುವ ಕೋರ್ ಡ್ರಿಲ್ಲಿಂಗ್ ಬೇಕು. ಕೋರಿನ ವ್ಯಾಸವು ಎನ್‌ಎಕ್ಸ್ ಗಾತ್ರದ್ದು, ಅಂದರೆ ಸುಮಾರು 54.7 ಮಿ.ಮೀ. ಆಗಿರಬೇಕು, ಬ್ಯಾರೆಲ್ ಕನಿಷ್ಠ ಡಬಲ್ ಟ್ಯೂಬಿನದಾಗಿರಬೇಕು. ಸಿಂಗಲ್ ಟ್ಯೂಬ್ ಬ್ಯಾರೆಲ್‌ನಲ್ಲಿ ಕೊರೆಯುವ ನೀರು ಕೋರಿನ ಮೈಮೇಲೆಯೇ ಹರಿದು ಸೀಳಿನ ಜೇಡಿಯನ್ನು ತೊಳೆದುಬಿಡುತ್ತದೆ ಮತ್ತು ತಿರುಗುವ ಕೊಳವೆ ಕೋರನ್ನು ತುಂಡರಿಸುತ್ತದೆ. ಹೀಗೆ ತೆಗೆದ ಕೋರಿನ ಆರ್‌ಕ್ಯೂಡಿ ಶಿಲೆಯ ಗುಣಕ್ಕಿಂತ ಕೊರೆದವರ ಕೈಗುಣವನ್ನೇ ಹೆಚ್ಚಾಗಿ ಹೇಳುತ್ತದೆ. ಒಂದು ಬಾರಿಗೆ ಕೊರೆಯುವ ಉದ್ದ, ಅಂದರೆ ರನ್, 1.5 ಮೀಟರ್ ಮೀರದಂತೆ ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.

ಕೊರೆಯುವ ಮೇಸ್ತ್ರಿಯಿಂದ ಇನ್ನೂ ಮೂರು ಸಂಗತಿಗಳನ್ನು ಬರೆಸಿಕೊಳ್ಳಬೇಕು: ವಾಪಸು ಬರುವ ನೀರಿನ ಬಣ್ಣ ಯಾವ ಆಳದಲ್ಲಿ ಬದಲಾಯಿತು, ಎಲ್ಲಿ ನೀರು ವಾಪಸು ಬರುವುದೇ ನಿಂತಿತು, ಎಲ್ಲಿ ರಾಡು ತಡೆಯಿಲ್ಲದೆ ಕೆಳಗಿಳಿಯಿತು. ಇವುಗಳ ಅಗತ್ಯ ಏನೆಂಬುದು ಮೂರನೆಯ ಹಂತದಲ್ಲಿ ತಿಳಿಯುತ್ತದೆ.

ಎರಡನೆಯ ಹಂತ: ಗುಂಡುಕಲ್ಲನ್ನು ತಳಬಂಡೆ ಎಂದುಕೊಳ್ಳದಿರುವುದು

ನಮ್ಮ ಉದಾಹರಣೆಯ ಬೋರಿನಲ್ಲಿ 2.4 ಮೀಟರ್ ವರೆಗೆ ಕೆಂಪು ಮಣ್ಣು ಮತ್ತು ಗರಸು, 4.0 ಮೀಟರ್ ವರೆಗೆ ಪೂರ್ತಿ ಶಿಥಿಲವಾದ ನೈಸ್ ಇದೆ. 4.0ರಿಂದ 4.6 ಮೀಟರ್ ವರೆಗೆ 60 ಸೆಂ.ಮೀ. ಉದ್ದದ ಒಂದೇ ಅಖಂಡ ಕೋರ್ ಹೊರಬಂದಿದೆ. ಅದರ ಕೆಳಗೆ 5.5 ಮೀಟರ್ ವರೆಗೆ ಮತ್ತೆ ಕೋರ್ ಇಲ್ಲ, ಬರೀ ಮರಳುಮಣ್ಣು. 4.6 ಮೀಟರಿನಲ್ಲಿ ಬೋರ್ ನಿಲ್ಲಿಸಿದ್ದರೆ ವರದಿಯಲ್ಲಿ ಉತ್ತಮ ಬಂಡೆ ಎಂದೇ ದಾಖಲಾಗುತ್ತಿತ್ತು.

ನೈಸ್ ಮತ್ತು ಗ್ರಾನೈಟ್ ಸೀಳುಗಳ ಗುಂಟ ಕೊಳೆಯುತ್ತಾ ಹೋಗುವುದರಿಂದ, ಸೀಳುಗಳ ನಡುವಿನ ತಿರುಳು ಗುಂಡುಕಲ್ಲಾಗಿ ಉಳಿದು ಸುತ್ತಲೂ ಮಣ್ಣಾಗುತ್ತದೆ. ಕೋರಿನಲ್ಲಿ ಕಾಣುವ ಪಟ್ಟೆಗಳ ಓರೆಯನ್ನು ನೋಡಿ ಇದು ಗುಂಡೋ ತಳಬಂಡೆಯೋ ಎಂದು ತೀರ್ಮಾನಿಸುವವರಿದ್ದಾರೆ. ಉರುಳಿ ಬಂದ ಕಲ್ಲಿಗೆ ಈ ಪರೀಕ್ಷೆ ಒಪ್ಪುತ್ತದೆ. ಇದ್ದಲ್ಲೇ ಉಳಿದ ತಿರುಳುಗಲ್ಲಿನಲ್ಲಿ ಪಟ್ಟೆಗಳ ದಿಕ್ಕು ಕೆಳಗಿನ ಬಂಡೆಯ ದಿಕ್ಕೇ ಆಗಿರುವುದರಿಂದ ಅಲ್ಲಿ ಇದು ಕೈಕೊಡುತ್ತದೆ. ನಂಬಬಹುದಾದ ಕ್ರಮವೆಂದರೆ ಬಿಡುವಿಲ್ಲದೆ ಕನಿಷ್ಠ 3 ಮೀಟರ್ ಬಂಡೆಯೊಳಗೆ ಕೊರೆಯುವುದು, ಮತ್ತು ಉದ್ದೇಶಿತ ಅಡಿಪಾಯದ ತಳದಿಂದ ಅದರ ಅಗಲದ ಒಂದೂವರೆ ಪಟ್ಟು ಆಳ ತಲುಪುವವರೆಗೆ ನಿಲ್ಲಿಸದಿರುವುದು. ನಮ್ಮ ಕಂಬದ ಪಾದ 3 ಮೀಟರ್ ಚೌಕದ್ದು. ತಳ 7.0 ಅಥವಾ 8.5 ಮೀಟರಿನಲ್ಲಿ ಬರಬಹುದೆಂದು ಎಣಿಸಿ ಬೋರನ್ನು 13 ಮೀಟರ್ ವರೆಗೆ ಕೊರೆಸಲಾಗಿದೆ.

ಮೂರನೆಯ ಹಂತ: ಪೆಟ್ಟಿಗೆಯ ಮುಂದೆ ಕುಳಿತು ಅಳೆಯುವುದು

ಆರ್‌ಕ್ಯೂಡಿಯನ್ನು 1960ರ ದಶಕದಲ್ಲಿ ಅಮೆರಿಕದ ಡಾನ್ ಡೀರ್ ರೂಪಿಸಿದರು. ಒಂದು ರನ್‌ನಲ್ಲಿ 10 ಸೆಂ.ಮೀ. ಅಥವಾ ಅದಕ್ಕಿಂತ ಉದ್ದವಿರುವ ಗಟ್ಟಿ ತುಂಡುಗಳ ಉದ್ದವನ್ನೆಲ್ಲ ಕೂಡಿಸಿ, ಕೊರೆದ ಒಟ್ಟು ಉದ್ದದಿಂದ ಭಾಗಿಸಿ ಶೇಕಡಾ ಲೆಕ್ಕದಲ್ಲಿ ಬರೆದರೆ ಅದೇ ಆರ್‌ಕ್ಯೂಡಿ. ಭಾಗಿಸಬೇಕಾದದ್ದು ಕೊರೆದ ಉದ್ದದಿಂದ, ಕೈಗೆ ಸಿಕ್ಕ ಕೋರಿನ ಉದ್ದದಿಂದಲ್ಲ. ತುಂಡಿನ ಉದ್ದವನ್ನು ಅದರ ನಡುಗೆರೆಯ ಗುಂಟ ಅಳೆಯಬೇಕು. ಓರೆ ಸೀಳಿರುವ ತುಂಡನ್ನು ತುದಿಯಿಂದ ತುದಿಗೆ ಅಳೆದರೆ ಉದ್ದ ಹೆಚ್ಚಾಗಿ ಬರುತ್ತದೆ.

7.0ರಿಂದ 8.5 ಮೀಟರಿನ ರನ್ ತೆಗೆದುಕೊಳ್ಳೋಣ. ಮೇಲಿನಿಂದ ಕೆಳಕ್ಕೆ ತುಂಡುಗಳ ಉದ್ದ ಸೆಂಟಿಮೀಟರ್‌ಗಳಲ್ಲಿ ಹೀಗಿದೆ: 18, 7, 22, 9, 14, 9, 8, 11, 16, 5, 13. ಕೊನೆಗೆ 6 ಸೆಂ.ಮೀ. ಜಾಗ ಹಿಡಿಯುವಷ್ಟು ಚೂರುಗಳಿವೆ. ಎಲ್ಲ ಸೇರಿ 138 ಸೆಂ.ಮೀ., ಅಂದರೆ ಕೋರ್ ರಿಕವರಿ ಶೇ. 92.

ಕಣ್ಣಿಗೆ ಕಂಡಂತೆ 10 ಸೆಂ.ಮೀ. ಮೇಲಿನ ತುಂಡುಗಳನ್ನು ಕೂಡಿದರೆ 94 ಬರುತ್ತದೆ. 150ರಿಂದ ಭಾಗಿಸಿದರೆ ಶೇ. 63. ಆದರೆ 14ರ ನಂತರ ಬರುವ 9 ಮತ್ತು 8 ಸೆಂ.ಮೀ. ತುಂಡುಗಳನ್ನು ಎತ್ತಿ ಜೋಡಿಸಿ ನೋಡಿದರೆ ಅವು ಚೂರೂ ಸಂದಿಲ್ಲದೆ ಕೂಡುತ್ತವೆ. ಮುರಿದ ಮೈ ತಾಜಾ, ಹೊಳಪಿನದು. ಕಂದು ಕಲೆಯಾಗಲಿ ಜೇಡಿಯ ಲೇಪವಾಗಲಿ ಇಲ್ಲ. ಇದು ಕೊರೆಯುವಾಗ ಅಥವಾ ಪೆಟ್ಟಿಗೆಗೆ ತುಂಬುವಾಗ ಮುರಿದದ್ದು, ನೆಲದೊಳಗಿನ ಸೀಳಲ್ಲ. ಇಂಥವನ್ನು ಒಂದೇ ತುಂಡೆಂದು ಎಣಿಸಬೇಕು. ಆಗ 17 ಸೆಂ.ಮೀ. ಸೇರಿ ಮೊತ್ತ 111 ಆಗುತ್ತದೆ, ಆರ್‌ಕ್ಯೂಡಿ ಶೇ. 74.

ಇಲ್ಲಿಗೆ ನಿಲ್ಲಿಸುವಂತಿಲ್ಲ. ಕೊನೆಯ 13 ಸೆಂ.ಮೀ. ತುಂಡು ಉದ್ದವೇನೋ ಇದೆ, ಆದರೆ ಕೈಯಲ್ಲಿ ಹಿಸುಕಿದರೆ ಅಂಚು ಪುಡಿಯಾಗುತ್ತದೆ. ಗಟ್ಟಿ ಎಂಬ ಷರತ್ತಿಗೆ ಅದು ಒಳಪಡುವುದಿಲ್ಲ. ಅದನ್ನು ಬಿಟ್ಟರೆ 98 ಸೆಂ.ಮೀ., ಅಂದರೆ ಶೇ. 65. ಒಂದೇ ಪೆಟ್ಟಿಗೆಯಿಂದ 63, 74, 65 ಎಂಬ ಮೂರು ಉತ್ತರಗಳು ಬಂದಂತಾಯಿತು, ಮತ್ತು ಮೊದಲನೆಯದು ಕೊನೆಯದಕ್ಕೆ ಹತ್ತಿರವಿರುವುದು ಬರೀ ಆಕಸ್ಮಿಕ. ಆದ್ದರಿಂದ ವರದಿಯಲ್ಲಿ ಶೇಕಡಾವಾರು ಮಾತ್ರ ಇದ್ದರೆ ಸಾಲದು. ತುಂಡುಗಳ ಪಟ್ಟಿ ಮತ್ತು ಒದ್ದೆ ಮಾಡಿ ತೆಗೆದ ಪೆಟ್ಟಿಗೆಯ ಫೋಟೊ ಬೇಕೆಂದು ಕೇಳಿ ಪಡೆಯಬೇಕು.

ಡೀರ್ ಅವರ ವರ್ಗೀಕರಣದಲ್ಲಿ ಶೇ. 25ಕ್ಕಿಂತ ಕಡಿಮೆ ಇದ್ದರೆ ತೀರ ಕಳಪೆ, 50ರ ವರೆಗೆ ಕಳಪೆ, 75ರ ವರೆಗೆ ಸಾಧಾರಣ, 90ರ ವರೆಗೆ ಉತ್ತಮ, ಅದರ ಮೇಲೆ ಅತ್ಯುತ್ತಮ. ನಮ್ಮ ಬೋರಿನಲ್ಲಿ 5.5ರಿಂದ 7.0 ಮೀಟರಿನ ರನ್‌ಗೆ ಶೇ. 24 ಬಂದಿದೆ, ರಿಕವರಿ ಶೇ. 73, 7.0ರಿಂದ 8.5ಕ್ಕೆ 65, ಅದರ ಕೆಳಗಿನ ಮೂರು ರನ್‌ಗಳಿಗೆ ಕ್ರಮವಾಗಿ 82, 88, 90.

ಈಗ ಸಿಗದೇ ಹೋದ ಕೋರಿನ ವಿಷಯ. 7.0ರಿಂದ 8.5ರ ನಡುವೆ 12 ಸೆಂ.ಮೀ. ಕೋರ್ ಪೆಟ್ಟಿಗೆಗೆ ಬಂದೇ ಇಲ್ಲ. ಬಂದ 138 ಸೆಂ.ಮೀ.ಗಿಂತ ಬಾರದ ಈ 12 ಸೆಂ.ಮೀ. ಬಗ್ಗೆ ಹೆಚ್ಚು ಯೋಚಿಸಬೇಕು, ಏಕೆಂದರೆ ಗಟ್ಟಿ ಕಲ್ಲು ಕಳೆದುಹೋಗುವುದು ಅಪರೂಪ, ಕಳೆದುಹೋಗುವುದು ಜೇಡಿ ಮತ್ತು ಪುಡಿಗಲ್ಲು. ಮೇಸ್ತ್ರಿಯ ದಾಖಲೆಯಲ್ಲಿ 8.1 ಮೀಟರಿನ ಆಸುಪಾಸು ವಾಪಸು ನೀರು ಕೆಂಪಾಯಿತು, ರಾಡು ಸರ್ರನೆ ಇಳಿಯಿತು ಎಂದಿದ್ದರೆ, 12 ಸೆಂ.ಮೀ. ಅಲ್ಲಲ್ಲಿ ಹಂಚಿಹೋಗಿಲ್ಲ, ಒಂದೇ ಕಡೆ ಜೇಡಿಯ ಪದರವಾಗಿದೆ ಎಂದು ತಿಳಿಯಬೇಕು.

ನಾಲ್ಕನೆಯ ಹಂತ: ಬೋರ್ ಕಾಣದ ಸೀಳುಗಳನ್ನು ಹುಡುಕುವುದು

ನೆಟ್ಟಗೆ ಇಳಿಯುವ ಬೋರ್ ನೆಟ್ಟಗಿರುವ ಸೀಳುಗಳನ್ನು ಕಾಣುವುದು ಕಡಿಮೆ. ನೈಸ್‌ನ ಪಟ್ಟೆಗಳು 70–80 ಡಿಗ್ರಿ ಓರೆಯಿದ್ದು, ಅವುಗಳ ಗುಂಟ ಅಂಗೈ ಅಗಲಕ್ಕೊಂದು ಸೀಳಿದ್ದರೂ ಬೋರ್ ಎರಡು ಸೀಳುಗಳ ನಡುವೆ ಬಹುದೂರ ಇಳಿದುಬಿಡಬಹುದು. ಪೆಟ್ಟಿಗೆಯಲ್ಲಿ ಉದ್ದುದ್ದ ತುಂಡುಗಳು ಸಾಲಾಗಿ ಕುಳಿತು ಶೇ. 90 ತೋರಿಸಬಹುದು. ಅದಕ್ಕಾಗಿ ಒಂದು ಬೋರನ್ನಾದರೂ ಪಟ್ಟೆಗಳಿಗೆ ಅಡ್ಡಲಾಗಿ ಓರೆಯಾಗಿ ಕೊರೆಸಬೇಕು.

ಅದಕ್ಕೆ ಹಣವಿಲ್ಲ ಎಂದಾಗ ಇನ್ನೊಂದು ದಾರಿಯಿದೆ. ಹತ್ತಿರದಲ್ಲಿ ಕ್ವಾರಿಯೋ ಬತ್ತಿದ ತೆರೆದ ಬಾವಿಯೋ ಇದ್ದರೆ ಅದರ ಬಂಡೆಗೋಡೆಯ ಮೇಲೆ ಪ್ರತಿಯೊಂದು ಸೀಳುಗುಂಪಿನ ಅಂತರವನ್ನು ಅಳೆಯಬಹುದು. ಅಂತರಗಳು 12 ಸೆಂ.ಮೀ., 20 ಸೆಂ.ಮೀ., 50 ಸೆಂ.ಮೀ. ಎಂದಿಟ್ಟುಕೊಂಡರೆ ಒಂದು ಮೀಟರಿಗೆ ಸುಮಾರು 8, 5, 2, ಒಟ್ಟು 15 ಸೀಳುಗಳಾದವು. ಪಾಮ್‌ಸ್ಟ್ರಾಮ್ ಅವರು 2005ರಲ್ಲಿ ಪರಿಷ್ಕರಿಸಿದ ಸೂತ್ರದಂತೆ 110ರಿಂದ ಈ ಮೊತ್ತದ ಎರಡೂವರೆ ಪಟ್ಟನ್ನು ಕಳೆದರೆ 72.5, ಅಂದರೆ ಶೇ. 70ರ ಆಸುಪಾಸಿನ ಆರ್‌ಕ್ಯೂಡಿ. ಇದು ಅಂದಾಜು ಮಾತ್ರ. ಬಾವಿಗೋಡೆ ಸಿಡಿಮದ್ದಿನಿಂದ ಒಡೆದದ್ದಾದರೆ ಹೊಸ ಬಿರುಕುಗಳನ್ನು ಲೆಕ್ಕಕ್ಕೆ ಸೇರಿಸಬಾರದು. ಆದರೂ ಕೋರಿನ ಅಂಕಿ 90, ಗೋಡೆಯ ಅಂಕಿ 70 ಎಂದು ಬಂದರೆ ನನ್ನ ಒಲವು ಗೋಡೆಯ ಕಡೆಗೇ.

ಐದನೆಯ ಹಂತ: ಆರ್‌ಎಂಆರ್ ಕೂಡುವುದು

ಆರ್‌ಕ್ಯೂಡಿ ಸೀಳು ಎಷ್ಟಿದೆ ಎಂದು ಹೇಳುತ್ತದೆ, ಸೀಳಿನೊಳಗೆ ಏನಿದೆ ಎಂದು ಹೇಳುವುದಿಲ್ಲ. ಆ ಕೊರತೆಯನ್ನು ತುಂಬುವುದು ಬಿನಿಯಾವ್ಸ್ಕಿ 1973ರಲ್ಲಿ ಪ್ರಕಟಿಸಿ 1989ರಲ್ಲಿ ಪರಿಷ್ಕರಿಸಿದ ಆರ್‌ಎಂಆರ್ ಪದ್ಧತಿ. ನಮ್ಮಲ್ಲಿ ಭಾರತೀಯ ಮಾನಕ ಐಎಸ್ 13365ರ ಮೊದಲ ಭಾಗ ಇದಕ್ಕೆ ಸಂಬಂಧಿಸಿದ್ದು. ಐದು ಗುಣಗಳಿಗೆ ಅಂಕ ಕೊಟ್ಟು ಕೂಡಿ, ಸೀಳುಗಳ ದಿಕ್ಕಿಗೆ ತಕ್ಕಂತೆ ಕಳೆಯಬೇಕು.

7.0–8.5 ಮೀಟರಿನ ಬಂಡೆಗೆ ಲೆಕ್ಕ ಹಾಕೋಣ. ಕಲ್ಲಿನ ಒತ್ತುಬಲ 80 ಮೆಗಾಪಾಸ್ಕಲ್ ಬಂದಿದೆ. 50ರಿಂದ 100ರ ನಡುವಿನದಕ್ಕೆ 7 ಅಂಕ. ಆರ್‌ಕ್ಯೂಡಿ 65ಕ್ಕೆ 13. ಸೀಳುಗಳ ಅಂತರ ಸರಾಸರಿ 13 ಸೆಂ.ಮೀ. ಇರುವುದರಿಂದ 8. ನೆಲನೀರಿನ ಮಟ್ಟದ ಕೆಳಗೆ ಒದ್ದೆಯಾಗಿರುವುದಕ್ಕೆ 7. ಉಳಿದದ್ದು ಸೀಳಿನ ಮೈಯ ಸ್ಥಿತಿ, ಇದಕ್ಕೆ ಅತಿ ಹೆಚ್ಚು ಅಂದರೆ 30 ಅಂಕಗಳವರೆಗೆ ಇದೆ. ಮೈ ಸ್ವಲ್ಪ ಒರಟಾಗಿದ್ದು, ಬಾಯಿ ಒಂದು ಮಿ.ಮೀ. ಒಳಗಿದ್ದು, ಕೊಳೆತ ಅಲ್ಪವಾಗಿದ್ದರೆ 25. ನಮ್ಮ ಕೋರಿನಲ್ಲಿ ಉದ್ದಕ್ಕೂ ಸಾಗುವ ಸೀಳುಗಳಲ್ಲಿ 3–4 ಮಿ.ಮೀ. ದಪ್ಪದ ಜೇಡಿ ಇರುವುದರಿಂದ 10 ಅಂಕ ಮಾತ್ರ. ಒಟ್ಟು 45. ಜೇಡಿ ಇಲ್ಲದಿದ್ದರೆ ಇದೇ ಬಂಡೆ, ಇದೇ ಆರ್‌ಕ್ಯೂಡಿಗೆ 60 ಆಗುತ್ತಿತ್ತು. ತೊಳೆದು ಸ್ವಚ್ಛ ಮಾಡಿದ ಕೋರನ್ನು ನೋಡಿ ಅಂಕ ಕೊಟ್ಟವರು ಈ 15 ಅಂಕಗಳನ್ನು ತಿಳಿಯದೆಯೇ ಸೇರಿಸಿಬಿಡುತ್ತಾರೆ. ಹಾಗಾಗಿ ಕೋರ್ ಬ್ಯಾರೆಲಿನಿಂದ ಜಾರಿ ಬಂದ ಗಳಿಗೆಯಲ್ಲಿ, ನೀರು ಹೊಯ್ಯುವ ಮುಂಚೆ, ಸೀಳಿನ ಮೈಯನ್ನು ಬೆರಳಿನಿಂದ ಮುಟ್ಟಿ ನೋಡುವವರು ಸ್ಥಳದಲ್ಲಿ ಇರಲೇಬೇಕು.

ಕಡಿದಾದ ಸೀಳುಗಳು ನೆಟ್ಟಗೆ ಬರುವ ಭಾರಕ್ಕೆ ಹೆಚ್ಚು ತೊಡಕಲ್ಲದ ಕಾರಣ ಅಡಿಪಾಯಕ್ಕೆ 2 ಅಂಕ ಕಳೆದರೆ 43 ಉಳಿಯುತ್ತದೆ. 41ರಿಂದ 60ರ ವರೆಗೆ ಮೂರನೆಯ ದರ್ಜೆ, ಸಾಧಾರಣ ಬಂಡೆ. ನಾವಿರುವುದು ಅದರ ಕೆಳ ಅಂಚಿನಲ್ಲಿ.

ಆರನೆಯ ಹಂತ: ಆಳವನ್ನು ನಿರ್ಧರಿಸುವುದು

ಕಂಬದಿಂದ ಬರುವ ಒಟ್ಟು ಭಾರ 5400 ಕಿಲೋನ್ಯೂಟನ್ ಎಂದುಕೊಳ್ಳೋಣ. 9 ಚದರ ಮೀಟರಿಗೆ ಹಂಚಿದರೆ 600 ಕಿಲೋಪಾಸ್ಕಲ್, ಅಂದರೆ 0.6 ಮೆಗಾಪಾಸ್ಕಲ್. ಪೆಕ್ ಮತ್ತು ಸಂಗಡಿಗರು 1974ರಲ್ಲಿ ಆರ್‌ಕ್ಯೂಡಿ ಆಧರಿಸಿ ಕೊಟ್ಟ ಪಟ್ಟಿಯ ಪ್ರಕಾರ ಶೇ. 25ಕ್ಕೆ ಸುಮಾರು 2.9, ಶೇ. 50ಕ್ಕೆ 6.2, ಶೇ. 75ಕ್ಕೆ 11.5 ಮೆಗಾಪಾಸ್ಕಲ್ ಒತ್ತಡಕ್ಕೆ ಅವಕಾಶ ಕೊಡಬಹುದು. ಈ ಪಟ್ಟಿಯಂತೆ 5.5 ಮೀಟರಿನ ತೀರ ಕಳಪೆ ಬಂಡೆಯೇ ನಮ್ಮ ಭಾರವನ್ನು ನಾಲ್ಕು ಪಟ್ಟಿಗಿಂತ ಹೆಚ್ಚು ಹೊರಬಲ್ಲದು!

ಪಟ್ಟಿಯನ್ನು ತೆರೆದು ಅಲ್ಲಿಗೇ ಕೆಲಸ ಮುಗಿಸುವ ವಿನ್ಯಾಸಗಳು ಎಡವುವುದು ಇಲ್ಲಿಯೇ. ಆ ಅಂಕಿಗಳು ಬಿಗಿಯಾದ, ಬಾಯಿ ತೆರೆಯದ ಸೀಳುಗಳಿರುವ ಬಂಡೆಗೆ ಮಾತ್ರ ಸಲ್ಲುತ್ತವೆ. ನೈಸ್‌ನಲ್ಲಿ ಹೊರುವ ಶಕ್ತಿ ಸಾಲದೆ ಹೋಗುವುದು ತೀರ ಕಡಿಮೆ. ಆಳವನ್ನು ನಿರ್ಧರಿಸಬೇಕಾದದ್ದು ಜೇಡಿಪದರ ಕುಗ್ಗುವುದರಿಂದ ಬರುವ ಓರೆ. ಐಎಸ್ 12070ರಲ್ಲಿಯೂ ಆರ್‌ಎಂಆರ್ ಆಧಾರದ ಪಟ್ಟಿ ಇದೆ, ಅದಕ್ಕೂ ಈ ಮಾತು ಅನ್ವಯಿಸುತ್ತದೆ.

5.5 ಮೀಟರನ್ನು ಬಿಡೋಣ: ಅಲ್ಲಿ ಕೋರಿನ ಕಾಲು ಭಾಗಕ್ಕೂ ಹೆಚ್ಚು ಕಳೆದುಹೋಗಿದೆ. 7.0 ಮೀಟರಿನಲ್ಲಿ ತಳವಿಟ್ಟರೆ ಸುಮಾರು ಒಂದು ಮೀಟರ್ ಕೆಳಗೆ 12 ಸೆಂ.ಮೀ. ಜೇಡಿ ಇದೆ. ಅಲ್ಲಿಗೆ ತಲುಪುವ ಒತ್ತಡ ಸುಮಾರು 0.42 ಮೆಗಾಪಾಸ್ಕಲ್, ಜೇಡಿಯ ಸ್ಥಿತಿಸ್ಥಾಪಕ ಗುಣಾಂಕ 10 ಮೆಗಾಪಾಸ್ಕಲ್ ಎಂದು ಹಿಡಿದರೆ, ಪದರವು ತನ್ನ ದಪ್ಪದ ಶೇ. 4.2ರಷ್ಟು, ಅಂದರೆ 5 ಮಿ.ಮೀ. ಕುಗ್ಗುತ್ತದೆ. ಪಾದದ ಕೆಳಗೆಲ್ಲ ಸಮನಾಗಿ 5 ಮಿ.ಮೀ. ಕುಗ್ಗಿದರೆ ಸೇತುವೆಗೆ ಏನೂ ಆಗದು. ಪದರ ಒಂದು ಬದಿಯಲ್ಲಿ ಮಾತ್ರ ಇದ್ದು ಇನ್ನೊಂದು ಬದಿಯಲ್ಲಿ ಬಂಡೆಯಿದ್ದರೆ, 3 ಮೀಟರಿಗೆ 5 ಮಿ.ಮೀ. ಓರೆಯಾಗಿ, 8 ಮೀಟರ್ ಎತ್ತರದ ಕಂಬದ ತಲೆ 13 ಮಿ.ಮೀ. ವಾಲುತ್ತದೆ. ಅದು ಬೇರಿಂಗ್‌ಗಳಿಗೆ ಒಪ್ಪದ ಮಾತು.

ಹಾಗಾಗಿ ಮಾಡಬೇಕಾದದ್ದು ಹೀಗೆ. 7.0 ಮೀಟರ್ ವರೆಗೆ ಅಗೆದು, ತಳವನ್ನು ತೊಳೆದು, ನಾಲ್ಕು ಮೂಲೆಗಳಲ್ಲಿ ಮತ್ತು ನಡುವೆ ಜಾಕ್‌ಹ್ಯಾಮರಿನಿಂದ 3 ಮೀಟರ್ ಆಳದ ತೂತುಗಳನ್ನು ಹೊಡೆಯಬೇಕು. ಪ್ರತಿ 25 ಸೆಂ.ಮೀ. ಇಳಿಯಲು ಹಿಡಿದ ಸಮಯವನ್ನು ಗಡಿಯಾರ ನೋಡಿ ಬರೆಯಬೇಕು. ಐದರಲ್ಲಿಯೂ 8 ಮೀಟರಿನ ಆಸುಪಾಸು ವೇಗ ಒಮ್ಮೆಲೇ ಹೆಚ್ಚಾದರೆ ಪದರ ಹರಡಿಕೊಂಡಿದೆ ಎಂದರ್ಥ. ಅಂತಿರುವಲ್ಲಿ ದಪ್ಪ ಸಮವೇ ಎಂದು ವಾದಿಸುವುದಕ್ಕಿಂತ ಇನ್ನೂ ಒಂದೂವರೆ ಮೀಟರ್ ಅಗೆದು, 8.5ರಲ್ಲಿ, ಶೇ. 82ರ ಬಂಡೆಯ ಮೇಲೆ ತಳವಿಡುವುದು ಲೇಸು. ಒಂದೆರಡು ತೂತುಗಳಲ್ಲಿ ಮಾತ್ರ ಹಾಗಾದರೆ ಅದೂ ಓರೆಯ ಪ್ರಕರಣವೇ ಆದ್ದರಿಂದ ತೀರ್ಪು ಬದಲಾಗದು. ಯಾವ ತೂತಿನಲ್ಲಿಯೂ ಮೆದು ಪದರ ಕಾಣದೆ, ತಳದಲ್ಲಿ ಕಡಿದಾದ ಜೇಡಿಸೀಳು ಮಾತ್ರ ಕಂಡರೆ, ಅದರ ಅಗಲದ ಎರಡು ಮೂರು ಪಟ್ಟು ಆಳಕ್ಕೆ ಜೇಡಿಯನ್ನು ಕೆದಕಿ ತೆಗೆದು ಕಾಂಕ್ರೀಟ್ ತುಂಬಿ 7.0ರಲ್ಲಿಯೇ ನಿಲ್ಲಬಹುದು. ಕೊನೆಯ ಅರ್ಧ ಮೀಟರಿಗೆ ಸಿಡಿಮದ್ದು ಬಳಸಬಾರದು. ಬಳಸಿದರೆ ಅಳೆದ ಆರ್‌ಕ್ಯೂಡಿಗೂ ಉಳಿದ ಬಂಡೆಗೂ ಸಂಬಂಧವಿರುವುದಿಲ್ಲ.

ಇದು ಲೈನಿಂಗ್ ಆದ ನಾಲೆಯ ಮೇಲಿನ ಸೇತುವೆಯ ಲೆಕ್ಕ. ಕಾವೇರಿಯ ಪಾತ್ರದೊಳಗಿನ ಕಂಬವಾದರೆ ನೀರಿನ ಕೊರೆತದ ಆಳವನ್ನೂ ಸೇರಿಸಬೇಕು.

ಅದೇ ಬಂಡೆಯಲ್ಲಿ ಸುರಂಗವಾದರೆ

ವಿಶ್ವೇಶ್ವರಯ್ಯ ನಾಲೆಯ ಹುಲಿಕೆರೆ ಸುರಂಗವನ್ನು ತೋಡಿದ ಕಾಲಕ್ಕೆ ಈ ಯಾವ ಅಂಕಪಟ್ಟಿಯೂ ಇರಲಿಲ್ಲ. ಇಂದು ಅಂಥದೊಂದು ಸುರಂಗಕ್ಕೆ ಮೇಲಿನ 45 ಅಂಕದ ಬಂಡೆ ಎದುರಾದರೆ, ಆಧಾರವನ್ನು ತೀರ್ಮಾನಿಸುವುದು ಸುರಂಗ ಯಾವ ದಿಕ್ಕಿಗೆ ಸಾಗುತ್ತದೆ ಎಂಬುದು. ಸುರಂಗವು 70 ಡಿಗ್ರಿ ಓರೆಯ ಸೀಳುಗಳಿಗೆ ಅಡ್ಡಲಾಗಿ, ಅವು ಬಾಗಿದ ಕಡೆಗೇ ಸಾಗಿದರೆ ಏನೂ ಕಳೆಯಬೇಕಿಲ್ಲ. 45 ಹಾಗೆಯೇ ಉಳಿದು ಮೂರನೆಯ ದರ್ಜೆಯಾಗುತ್ತದೆ. ಅದೇ ಸೀಳುಗಳಿಗೆ ಎದುರಾಗಿ ಸಾಗಿದರೆ 5 ಕಳೆದು 40. ಸೀಳುಗಳ ಉದ್ದಕ್ಕೆ ಸಮಾನಾಂತರವಾಗಿ ಸಾಗಿದರೆ 12 ಕಳೆದು 33, ನಾಲ್ಕನೆಯ ದರ್ಜೆ, ಕಳಪೆ ಬಂಡೆ. ಹೀಗೆ ಸಮಾನಾಂತರ ಸಾಗುವಾಗ ಚಾವಣಿಯಿಂದ ಹಲಗೆಯಂಥ ತುಂಡುಗಳು ಜಾರಿ ಬೀಳುತ್ತವೆ.

10 ಮೀಟರ್ ಅಗಲದ, ಸಿಡಿಮದ್ದಿನಿಂದ ತೋಡಿದ ಸುರಂಗಕ್ಕೆಂದು ಬಿನಿಯಾವ್ಸ್ಕಿ ಕೊಟ್ಟ ಸಲಹೆ ಮೂರನೆಯ ದರ್ಜೆಗೆ ಹೀಗಿದೆ: 4 ಮೀಟರ್ ಉದ್ದದ ರಾಕ್ ಬೋಲ್ಟ್‌ಗಳು, ಅಂದರೆ ಬಂಡೆಗೆ ತೂರಿಸುವ ಉಕ್ಕಿನ ಸರಳುಗಳು, ಒಂದೂವರೆಯಿಂದ ಎರಡು ಮೀಟರ್ ಅಂತರದಲ್ಲಿ, ಚಾವಣಿಗೆ ಜಾಲರಿ ಸಹಿತ 50–100 ಮಿ.ಮೀ. ಶಾಟ್‌ಕ್ರೀಟ್ ಎಂಬ ಎರಚುವ ಕಾಂಕ್ರೀಟ್, ಗೋಡೆಗಳಿಗೆ 30 ಮಿ.ಮೀ. ನಾಲ್ಕನೆಯ ದರ್ಜೆಯಲ್ಲಿ ಬೋಲ್ಟ್ 4–5 ಮೀಟರ್ ಉದ್ದವಾಗಿ ಅಂತರ ಒಂದರಿಂದ ಒಂದೂವರೆ ಮೀಟರಿಗೆ ಇಳಿಯುತ್ತದೆ, ಚಾವಣಿಯ ಶಾಟ್‌ಕ್ರೀಟ್ 100–150 ಮಿ.ಮೀ., ಗೋಡೆಯದು 100 ಮಿ.ಮೀ. ಆಗುತ್ತದೆ, ಅಗತ್ಯವಿದ್ದ ಕಡೆ ಒಂದೂವರೆ ಮೀಟರಿಗೊಂದು ಹಗುರ ಅಥವಾ ಮಧ್ಯಮ ತೂಕದ ಉಕ್ಕಿನ ಕಮಾನು ಸೇರುತ್ತದೆ. ನಾಲ್ಕೈದು ಮೀಟರ್ ಅಗಲದ ನಾಲೆ ಸುರಂಗಕ್ಕೆ ಈ ಪಟ್ಟಿಯನ್ನು ಹಾಗೆಯೇ ಇಳಿಸಿಕೊಳ್ಳಬಾರದು. ಅಲ್ಲಿ ಅಗಲವನ್ನೂ ಬಳಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಬಾರ್ಟನ್‌ರ ಕ್ಯೂ ಪದ್ಧತಿ ಹೆಚ್ಚು ಒಗ್ಗುತ್ತದೆ.

ಮುಂಗಡವಾಗಿ ಕೊಟ್ಟ ದರ್ಜೆ ಟೆಂಡರಿಗೆ ಸಾಕು, ಸುರಂಗಕ್ಕೆ ಸಾಲದು. ಪ್ರತಿ ಸ್ಫೋಟದ ನಂತರ ಮುಖದ ಬಂಡೆಯನ್ನು ನೋಡಿ ಅಂಕವನ್ನು ಹೊಸದಾಗಿ ಹಾಕಬೇಕು. ವಿಶೇಷವಾಗಿ ಡೈಕ್ ಹತ್ತಿರ ಬಂದಾಗ ಎಚ್ಚರ ಬೇಕು: ಕರಿಕಲ್ಲು ಒಳಗೆ ಗಟ್ಟಿಯಿದ್ದರೂ ನೈಸ್‌ಗೆ ತಾಗಿದ ಅಂಚಿನಲ್ಲಿ ಸೀಳುಗಳು ಒತ್ತೊತ್ತಾಗಿರುತ್ತವೆ, ನೀರು ಅಲ್ಲಿಂದಲೇ ನುಗ್ಗುತ್ತದೆ. ಹನಿಯುವ ನೀರಿಗೆ 7ರ ಬದಲು 4, ಹರಿಯುವ ನೀರಿಗೆ ಸೊನ್ನೆ ಅಂಕ. ಮುಖದಿಂದ ಮುಂದಕ್ಕೆ ಹತ್ತು ಹದಿನೈದು ಮೀಟರ್ ಉದ್ದದ ಶೋಧ ತೂತು ಹೊಡೆದು, ಹೊರಬರುವ ನೀರು ಮತ್ತು ಪುಡಿಯ ಬಣ್ಣ ಕಪ್ಪಾಗುವ ಜಾಗವನ್ನು ಗುರುತಿಸಿಕೊಂಡರೆ, ಆ ಅಂಚು ಬರುವ ಮುನ್ನವೇ ಸ್ಫೋಟದ ಉದ್ದವನ್ನು ಒಂದು ಮೀಟರಿಗೆ ಇಳಿಸಿ, ಬೋಲ್ಟ್ ಮತ್ತು ಶಾಟ್‌ಕ್ರೀಟ್ ಸಾಮಗ್ರಿಯನ್ನು ಮುಖದ ಬಳಿ ತಂದಿಟ್ಟುಕೊಳ್ಳಬಹುದು.